ಒಂದು ಕ್ಯಾಪ್‌ಲೆಟ್‌ನ ಲೆಕ್ಕ: 44 ಡಾಲರ್ ಎಲ್ಲಿ ಹೋಯಿತು?

ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕಡೆಯ ರಫ್ತು ಘಟಕಗಳು ಯಂತ್ರ ಕೊಳ್ಳಲು ಡಾಲರ್ ಸಾಲ ಎತ್ತಿದಾಗ ಬಡ್ಡಿ ಸಾಮಾನ್ಯವಾಗಿ ಡಾಲರ್ ಸಾಲಗಳ ಮೂಲ ದರವಾದ ಮೂರು ತಿಂಗಳ ಟರ್ಮ್ ಸೋಫರ್ ಮೇಲೆ ನಿಂತಿರುತ್ತದೆ. ಆ ದರ ಏರಿದರೆ ಕಷ್ಟ ಎಂದು ಕೆಲವರು ಬ್ಯಾಂಕಿನಿಂದ ಬಡ್ಡಿ ಕ್ಯಾಪ್ ಕೊಳ್ಳುತ್ತಾರೆ. ದರ ಸ್ಟ್ರೈಕ್ ಎಂಬ ಮಿತಿ ದಾಟಿದರೆ ಮೇಲಿನ ಅಂತರವನ್ನು ಬ್ಯಾಂಕ್ ತುಂಬಿಕೊಡುತ್ತದೆ. ಕ್ಯಾಪ್ ಎಂದರೆ ಒಂದೊಂದು ಬಡ್ಡಿ ಅವಧಿಗೂ ಒಂದೊಂದು ಕ್ಯಾಪ್‌ಲೆಟ್ ಸೇರಿದ ಕಟ್ಟು. ಪ್ರೀಮಿಯಂ ಕೊಡುವಾಗ ಎಲ್ಲರೂ ಚೌಕಾಸಿ ಮಾಡುತ್ತಾರೆ. ಹಣ ವಾಪಸ್ ಬರುವ ಲೆಕ್ಕವನ್ನು ಮಾತ್ರ ಬ್ಯಾಂಕಿನವರು ಹೇಳಿದ್ದೇ ಸರಿ ಎಂದು ಬಿಟ್ಟುಬಿಡುತ್ತಾರೆ.

ಒಂದು ಉದಾಹರಣೆ ಹಿಡಿಯೋಣ. ಸಾಲ 20 ಲಕ್ಷ ಡಾಲರ್. ಬಡ್ಡಿ ಟರ್ಮ್ ಸೋಫರ್ ಜೊತೆಗೆ ಶೇ. 2. ಕ್ಯಾಪಿನ ಸ್ಟ್ರೈಕ್ ಶೇ. 4.50. ಅವಧಿ 2024ರ ಜುಲೈ 2ರಿಂದ ಅಕ್ಟೋಬರ್ 2ರವರೆಗೆ. ದರ ನಿಗದಿಯಾಗುವುದು ಅವಧಿ ಶುರುವಾಗುವುದಕ್ಕೆ ಎರಡು ಕೆಲಸದ ದಿನ ಮೊದಲು, ಅಂದರೆ ಜೂನ್ 28ರ ಶುಕ್ರವಾರ. ಆ ದಿನದ ದರ ಶೇ. 5.30 ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ಸೂತ್ರ ಇಷ್ಟೇ:

```
N × max(R − K, 0) × (d / 360)
```

N ಅಸಲು, R ಹೀಗೆ ನಿಗದಿಯಾದ ರೀಸೆಟ್ ದರ, K ಸ್ಟ್ರೈಕ್, d ಅವಧಿಯ ನಿಜವಾದ ದಿನಗಳು. ದರದ ವ್ಯತ್ಯಾಸ ಶೇ. 0.80. ಇಪ್ಪತ್ತು ಲಕ್ಷಕ್ಕೆ ವರ್ಷಕ್ಕೆ 16,000 ಡಾಲರ್. 92 ದಿನಕ್ಕೆ 16,000 × 92/360, ಅಂದರೆ 4,088.89 ಡಾಲರ್.

ರೂಪಾಯಿ ಸಾಲದ ಅಭ್ಯಾಸ ಇರುವವರ ಕೈ ತಾನಾಗಿಯೇ 365ರಿಂದ ಭಾಗಿಸುತ್ತದೆ. ಇನ್ನು ಕೆಲವರು ಮೂರು ತಿಂಗಳು ತಾನೇ ಎಂದು ಕಾಲು ಭಾಗ ತೆಗೆದು 4,000 ಎನ್ನುತ್ತಾರೆ. ಡಾಲರ್ ಮಾರುಕಟ್ಟೆಯ ರೂಢಿ 360. ಸಾಲದ ಬಡ್ಡಿಯೂ ಹಾಗೆಯೇ ಕೂಡುತ್ತಿದ್ದರೆ ಕ್ಯಾಪೂ ಹಾಗೆಯೇ ಕೂಡಬೇಕು.

ಸ್ಟ್ರೈಕನ್ನು ಹೋಲಿಸುವುದು ಟರ್ಮ್ ಸೋಫರ್ ಜೊತೆಗೆ ಮಾತ್ರ, ಬ್ಯಾಂಕಿನ ಶೇ. 2 ಅದರೊಳಗೆ ಬರುವುದಿಲ್ಲ. ಹಾಗಾಗಿ ಈ ಮಾಲೀಕರ ಬಡ್ಡಿಯ ಮೇಲ್ಮಿತಿ ಶೇ. 4.50 ಅಲ್ಲ, ಶೇ. 6.50, ಪ್ರೀಮಿಯಂ ಅದರ ಮೇಲೆ ಬೇರೆ.

ಇಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದಿದೆ: "ಸಾರ್, ಸೆಪ್ಟೆಂಬರ್ 18ಕ್ಕೆ ಅಮೆರಿಕದ ಫೆಡ್ ಅರ್ಧ ಪರ್ಸೆಂಟ್ ಇಳಿಸಿತಲ್ಲ, ನಮಗೆ ಬರೋದು ಕಡಿಮೆ ಆಗಲ್ವಾ?" ಆಗುವುದಿಲ್ಲ. ಜೂನ್ 28ಕ್ಕೇ ದರ ಗಟ್ಟಿಯಾಗಿಬಿಟ್ಟಿತು. ಹಣ ಕೈಗೆ ಬರುವುದು ಮಾತ್ರ ಅವಧಿಯ ಕೊನೆಗೆ. ಸಾಲದ ಬಡ್ಡಿಯೂ ಅದೇ ದರದಲ್ಲಿ ಓಡುತ್ತಿರುವುದರಿಂದ ಎರಡೂ ಜೊತೆಯಾಗಿ ಹೋಗುತ್ತವೆ. ಟರ್ಮ್ ಸೋಫರ್ ಬದಲು ದಿನದಿನದ ಸೋಫರನ್ನು ಚಕ್ರಬಡ್ಡಿ ಹಾಕಿ ಕೂಡುವ ಒಪ್ಪಂದವಾಗಿದ್ದರೆ ಮಾತು ಬೇರೆ. ಆಗ ದರ ಗೊತ್ತಾಗುವುದೇ ಅವಧಿ ಮುಗಿಯುವ ಹೊತ್ತಿಗೆ, ಸೆಪ್ಟೆಂಬರಿನ ಇಳಿಕೆ ಅದರೊಳಗೆ ಸೇರಿಕೊಳ್ಳುತ್ತದೆ. ಸಾಲ ಒಂದು ಬಗೆ, ಕ್ಯಾಪ್ ಇನ್ನೊಂದು ಬಗೆ ಇದ್ದರೆ ರಕ್ಷಣೆ ಅಲ್ಲೇ ಸಡಿಲವಾಗುತ್ತದೆ.

ಈಗ ತಲೆಬರಹದ ಪ್ರಶ್ನೆಗೆ ಬರುತ್ತೇನೆ. ಅಕ್ಟೋಬರ್ 2 ಗಾಂಧಿ ಜಯಂತಿ, ಇಲ್ಲಿ ಬ್ಯಾಂಕಿಗೆ ರಜೆ. ನ್ಯೂಯಾರ್ಕಿನಲ್ಲಿ ಅದು ಮಾಮೂಲಿ ಬುಧವಾರ. ಸಾಲದ ಕರಾರಿನಲ್ಲಿ ಮುಂಬೈ ಮತ್ತು ನ್ಯೂಯಾರ್ಕ್ ಎರಡೂ ಕಡೆಯ ರಜಾಪಟ್ಟಿ ಇದ್ದು, ಕ್ಯಾಪಿನ ಒಪ್ಪಂದ ಪತ್ರವಾದ ಕನ್ಫರ್ಮೇಷನ್ನಿನಲ್ಲಿ ನ್ಯೂಯಾರ್ಕ್ ಮಾತ್ರ ಇದೆ ಎನ್ನಿ. ಸಾಲದ ಅವಧಿ ಅಕ್ಟೋಬರ್ 3ಕ್ಕೆ ಸರಿದು 93 ದಿನ ಆಗುತ್ತದೆ, ಕ್ಯಾಪ್ 92ಕ್ಕೇ ನಿಲ್ಲುತ್ತದೆ. 5.30ಕ್ಕೆ ಬ್ಯಾಂಕಿನ 2 ಸೇರಿ ಶೇ. 7.30ರಂತೆ 93 ದಿನದ ಬಡ್ಡಿ 37,716.67 ಡಾಲರ್. ಮೇಲ್ಮಿತಿಯಾದ ಶೇ. 6.50ರಂತೆ ಮಾಲೀಕರು ಹೊರಬೇಕಾದದ್ದು 33,583.33. ಈ ಅಂತರ ತುಂಬಲು 4,133.33 ಬರಬೇಕಿತ್ತು, ಬಂದದ್ದು 4,088.89. ಉಳಿದ 44.44 ಡಾಲರ್ ಆ ಒಂದು ದಿನದ ಬೆಲೆ; 16,000ವನ್ನು 360ರಿಂದ ಭಾಗಿಸಿದರೆ ಅದೇ ಸಿಗುತ್ತದೆ.

ಮೊತ್ತ ಸಣ್ಣದು, ಅದಕ್ಕಾಗಿ ಜಗಳಕ್ಕೆ ಹೋಗಿ ಎಂದು ನಾನು ಹೇಳುವುದಿಲ್ಲ. ಆದರೆ ಪರೀಕ್ಷೆಯ ದಾರಿ ಇದೇ: ಕಟ್ಟಿದ ಬಡ್ಡಿಯಿಂದ ಬಂದ ಹಣ ಕಳೆದು, ಉಳಿದದ್ದನ್ನು ಅಸಲಿಗೆ ಮತ್ತು ಸಾಲದ ದಿನಗಳಿಗೆ ಭಾಗಿಸಿ 360ರ ಲೆಕ್ಕದಲ್ಲಿ ವರ್ಷದ ದರ ಮಾಡಿ ನೋಡಿ. ದರ ಸ್ಟ್ರೈಕ್ ದಾಟಿದ ಅವಧಿಯಲ್ಲಿ ಸರಿಯಾಗಿ ಶೇ. 6.50 ಬರದಿದ್ದರೆ ದಿನ, ಭಾಜಕ, ದರ ಅಥವಾ ಅಸಲು, ಈ ನಾಲ್ಕರಲ್ಲಿ ಎಲ್ಲೋ ಸಾಲಕ್ಕೂ ಕ್ಯಾಪಿಗೂ ತಾಳೆಯಿಲ್ಲ. ನಾಲ್ಕರಲ್ಲಿ ದುಬಾರಿಯಾಗುವುದು ಅಸಲು. ಕಂತು ಕಟ್ಟಿ ಸಾಲ 18 ಲಕ್ಷಕ್ಕೆ ಇಳಿದರೂ ಕ್ಯಾಪ್ 20 ಲಕ್ಷದ ಮೇಲೆಯೇ ಇದ್ದರೆ, ಇಲ್ಲದ ಸಾಲಕ್ಕೂ ಪ್ರೀಮಿಯಂ ಕೊಟ್ಟ ಹಾಗಾಯಿತು. ಈ ಹೊಂದಾಣಿಕೆಯನ್ನೆಲ್ಲ ಸಹಿ ಹಾಕುವ ಮೊದಲೇ ಕೇಳಬೇಕು. ಆಮೇಲೆ ಬದಲಿಸುವುದೆಂದರೆ ಬ್ಯಾಂಕ್ ಒಪ್ಪಬೇಕು, ಒಪ್ಪಿದರೂ ಹೊಸ ಬೆಲೆ ಹೇಳಬಹುದು.