ಅನಿವಾಸಿಯಿಂದ ಮನೆ ಕೊಂಡಾಗಿನ ಟಿಡಿಎಸ್

ಕಲಬುರಗಿಯ ಸೇಡಂ ರಸ್ತೆಯ ಕಡೆ ಒಂದು ಮನೆ. ಬೆಲೆ 40 ಲಕ್ಷ. ಮಾಲೀಕ ಹಲವು ವರ್ಷಗಳಿಂದ ದುಬೈನಲ್ಲಿದ್ದಾನೆ. ಅವನ ಮುಖ್ತ್ಯಾರ ಪತ್ರ ಹಿಡಿದು ಸಹಿ ಹಾಕುವವನು ಇಲ್ಲೇ ಇರುವ ತಮ್ಮ. ಎದುರಿಗೆ ಕುಳಿತವನು ನಮ್ಮ ಊರಿನವನೇ, ಬೆಲೆಯೂ 50 ಲಕ್ಷಕ್ಕಿಂತ ಕಡಿಮೆ, ಹಾಗಾಗಿ ಟಿಡಿಎಸ್ ಬೇಕಿಲ್ಲ ಎಂದು ಕೊಳ್ಳುವವರು ನಂಬಿಬಿಡುತ್ತಾರೆ. ಎಡವುವುದು ಇಲ್ಲೇ.

ಟಿಡಿಎಸ್ ಎಂದರೆ ಹಣ ಕೊಡುವವನೇ ತೆರಿಗೆಯನ್ನು ಹಿಡಿದುಕೊಂಡು, ಉಳಿದದ್ದನ್ನು ಕೊಡುವುದು. ಶೇ. 1ರ ದರ ಮತ್ತು 50 ಲಕ್ಷದ ಮಿತಿ ನಿವಾಸಿ ಮಾರಾಟಗಾರನಿಗೆ ಮಾತ್ರ. ಮಾರುವವನು ಅನಿವಾಸಿಯಾದರೆ, 2026ರ ಮಾರ್ಚ್‌ವರೆಗಿನ ಖರೀದಿಗೆ 1961ರ ಆದಾಯ ತೆರಿಗೆ ಕಾಯ್ದೆಯ 195ನೇ ಸೆಕ್ಷನ್ ಅನ್ವಯಿಸುತ್ತದೆ. ಅಲ್ಲಿ ಕನಿಷ್ಠ ಮಿತಿಯೇ ಇಲ್ಲ. ಅನಿವಾಸಿ ಯಾರು ಎಂಬುದನ್ನು ಪಾಸ್‌ಪೋರ್ಟ್ ಹೇಳುವುದಿಲ್ಲ, ಭಾರತದಲ್ಲಿ ಕಳೆದ ದಿನಗಳ ಲೆಕ್ಕ ಹೇಳುತ್ತದೆ. ಮುಖ್ತ್ಯಾರ ಎಲ್ಲಿ ವಾಸಿಸುತ್ತಾನೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಈ ಖರೀದಿ 2025ರ ಆಗಸ್ಟ್‌ನಲ್ಲಿ ನಡೆಯಿತು ಎಂದುಕೊಳ್ಳೋಣ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಗೆ ದರ ಶೇ. 12.5, ಅದರ ಮೇಲೆ ಶೇ. 4 ಸೆಸ್ ಸೇರಿದರೆ ಶೇ. 13. ತೆರಿಗೆ ಬೀಳುವುದು ಲಾಭದ ಮೇಲೆ ನಿಜ, ಆದರೆ ಲಾಭ ಎಷ್ಟೆಂದು ಕೊಳ್ಳುವವನು ತಾನೇ ತೀರ್ಮಾನಿಸಲು ಹೋಗಬಾರದು. ಆಧಾರವಿಲ್ಲದಿದ್ದರೆ ಪೂರ್ತಿ 40 ಲಕ್ಷದ ಮೇಲೆ ಹಿಡಿಯುವುದೇ ಕ್ಷೇಮ: 5.20 ಲಕ್ಷ.

ಮಾರುವವನು ಇದಕ್ಕೆ ತಕರಾರು ತೆಗೆಯುವುದು ಸಹಜ. ಮನೆಯನ್ನು ಅವನು 22 ಲಕ್ಷಕ್ಕೆ ಕೊಂಡಿದ್ದರೆ ಲಾಭ 18 ಲಕ್ಷ, ತೆರಿಗೆ 2.34 ಲಕ್ಷ ಮಾತ್ರ. ಪರಿಹಾರ ಅವನ ಕೈಯಲ್ಲೇ ಇದೆ. ಆದಾಯ ತೆರಿಗೆ ಇಲಾಖೆಗೆ ಫಾರ್ಮ್ 13 ಸಲ್ಲಿಸಿ ಕಡಿಮೆ ಕಡಿತದ ಪ್ರಮಾಣಪತ್ರ ತರಿಸಿದರೆ, ಅದರಲ್ಲಿ ಬರೆದ ದರದಂತೆ ಹಿಡಿದರೆ ಸಾಕು. ಆ ಪತ್ರ ಹಿಂದಿನ ದಿನಾಂಕಕ್ಕೆ ಅನ್ವಯಿಸುವುದಿಲ್ಲ. ಮುಂಗಡ ಕೊಡುವಾಗಲೂ ಕಡಿತ ಮಾಡಲೇಬೇಕು. ಆದ್ದರಿಂದ ಪತ್ರ ಬಂದ ಮೇಲೆಯೇ ಮುಂಗಡ ಕೊಡಿ ಎಂದು ನಾನು ಹೇಳುತ್ತೇನೆ.

ಕೊಳ್ಳುವವನು ಮೊದಲು ಫಾರ್ಮ್ 49ಬಿ ಮೂಲಕ, ತೆರಿಗೆ ಹಿಡಿಯುವವರಿಗೆ ಕೊಡುವ ಟ್ಯಾನ್ ಸಂಖ್ಯೆ ಪಡೆಯಬೇಕು, ಪ್ಯಾನ್ ಸಾಲದು. ಆಗಸ್ಟ್‌ನಲ್ಲಿ ಹಿಡಿದ ಹಣವನ್ನು 281 ಚಲನ್‌ನಲ್ಲಿ ಸೆಪ್ಟೆಂಬರ್ 7ರೊಳಗೆ ಕಟ್ಟಬೇಕು. ಅಕ್ಟೋಬರ್ 31ರೊಳಗೆ ಹಿಡಿದ ತೆರಿಗೆಯ ವಿವರ ಕೊಡುವ ಫಾರ್ಮ್ 27ಕ್ಯೂ ಸಲ್ಲಿಸಿ, ನಂತರ ಕಡಿತದ ಪ್ರಮಾಣಪತ್ರವಾದ ಫಾರ್ಮ್ 16ಎ ಇಳಿಸಿಕೊಂಡು ಮಾರಿದವನಿಗೆ ಕೊಡಬೇಕು. ಅನೇಕರು ನಿವಾಸಿಯಿಂದ ಕೊಂಡಾಗ ತುಂಬುವ ಫಾರ್ಮ್ 26ಕ್ಯೂಬಿಯನ್ನೇ ತುಂಬಿ ಶೇ. 1 ಕಟ್ಟಿ ಸುಮ್ಮನಾಗುತ್ತಾರೆ. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಿಬಿಡುತ್ತದೆ. ತಪ್ಪು ತಿಳಿಯುವುದು ನೋಟಿಸ್ ಬಂದಾಗ. ಆಗ ಹಿಡಿಯದ ತೆರಿಗೆಯನ್ನು ತಿಂಗಳಿಗೆ ಶೇ. 1ರ ಬಡ್ಡಿ ಸಹಿತ ಕೊಂಡವನಿಂದಲೇ ಕೇಳುತ್ತಾರೆ. 27ಕ್ಯೂ ತಡವಾದರೆ ದಿನಕ್ಕೆ 200 ರೂಪಾಯಿ ಬೇರೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ, ಆ ಬಳಿಕ ಕೊಳ್ಳುವವರು ಸೆಕ್ಷನ್ ಮತ್ತು ಫಾರ್ಮ್ ಸಂಖ್ಯೆಗಳನ್ನೂ ಟ್ಯಾನ್ ನಿಯಮವನ್ನೂ ಹಣ ಕೊಡುವ ಮೊದಲೇ ಲೆಕ್ಕಪರಿಶೋಧಕರ ಬಳಿ ಖಚಿತಪಡಿಸಿಕೊಳ್ಳಬೇಕು.