ಮೌತ್‌ವಾಶ್ ಹಾಕಿದರೂ ವಸಡಿನ ರಕ್ತ ಯಾಕೆ ನಿಲ್ಲುವುದಿಲ್ಲ?

ವಸಡಿನಲ್ಲಿ ರಕ್ತ ಕಂಡರೆ ನಮ್ಮ ಕಾಸರಗೋಡಿನ ಕಡೆ ಹೆಚ್ಚಿನವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಅಲ್ಲಿಂದ ಒಂದು ಬಾಟಲಿ ಮೌತ್‌ವಾಶ್ ಬರುತ್ತದೆ. ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಅದರ ಮೇಲೆ ಬರೆದಿರುತ್ತದೆ. ಬಾಯಿಗೆ ಹಾಕಿದರೆ ಚುರುಚುರು ಅನ್ನುತ್ತದೆ, ಹಾಗಾಗಿ ಮದ್ದು ಹಿಡಿಯುತ್ತಿದೆ ಎಂದು ನಂಬಿಕೆಯೂ ಬರುತ್ತದೆ. ಬಾಟಲಿ ಮೇಲೆ ಬಾಟಲಿ ಮುಗಿದ ಮೇಲೂ ರಕ್ತ ನಿಲ್ಲದಾಗ ಹಲ್ಲಿನ ಡಾಕ್ಟರ ನೆನಪಾಗುತ್ತದೆ.

ಪೆರ್ಲ ಕಡೆಯ ಒಬ್ಬರು ಅಕ್ಕ ಹೀಗೆಯೇ ಬಂದಿದ್ದರು. ಅಡಿಕೆ ತೋಟದ ಮನೆಯವರು, ವಯಸ್ಸು ನಲವತ್ತು ದಾಟಿದೆ. ಎಲೆಅಡಿಕೆ ಅಭ್ಯಾಸ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. "ಡಾಕ್ಟ್ರೇ, ದಿನಕ್ಕೆ ಎರಡು ಸರ್ತಿ ಮದ್ದು ಹಾಕಿ ಬಾಯಿ ಮುಕ್ಕಳಿಸ್ತೇನೆ. ಬೆಳಿಗ್ಗೆ ಬ್ರಷ್ ಕೂಡ ಮಾಡ್ತೇನೆ. ಆದ್ರೂ ಉಗುಳಿದಾಗ ಕೆಂಪು. ಈಗ ಹಲ್ಲು ಬೇರೆ ಕಂದು ಆಗಿದೆ, ಎಂತ ಮಾಡುವುದು?" ಎಂದು ಕೇಳಿದರು.

ನೋಡಿದರೆ ಹಲ್ಲುಗಳ ಎದುರು ಭಾಗ ಚೊಕ್ಕವಾಗಿಯೇ ಇತ್ತು. ಕಂದು ಕಲೆ ಮೌತ್‌ವಾಶಿನದ್ದು. ಅದರಲ್ಲಿದ್ದದ್ದು ಕ್ಲೋರ್‌ಹೆಕ್ಸಿಡಿನ್. ಜಾಸ್ತಿ ದಿನ ಬಳಸಿದರೆ ಅದು ಹಲ್ಲಿನ ಮೇಲೆ ಇಂಥ ಕಲೆ ಬಿಡುತ್ತದೆ, ನಾಲಿಗೆಯ ರುಚಿಯನ್ನೂ ಕೆಡಿಸುತ್ತದೆ. ತೊಂದರೆ ಇದ್ದದ್ದು ದವಡೆ ಹಲ್ಲುಗಳ ನಡುವಿನ ಸಂದುಗಳಲ್ಲಿ. ತುದಿ ಮೊಂಡಾದ ಅಳತೆ ಕಡ್ಡಿಯನ್ನು ಮೆಲ್ಲಗೆ ಇಳಿಸಿದಾಗ ಆ ಜಾಗಗಳಲ್ಲಿ ರಕ್ತ ಬಂತು. ಒಂದೆರಡು ಕಡೆ ಕಡ್ಡಿ 4 ಮಿಲಿಮೀಟರ್ ಒಳಗೆ ಹೋಯಿತು. ಆರೋಗ್ಯವಾದ ವಸಡಿನಲ್ಲಿ ಅದು 3 ಮಿಲಿಮೀಟರಿನೊಳಗೆ ನಿಲ್ಲಬೇಕು. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಗಟ್ಟಿ ಕಿಟ್ಟವೂ ಇತ್ತು.

ಆಮೇಲೆ ಹಲ್ಲುಗಳಿಗೆ ಬಣ್ಣದ ದ್ರಾವಣ ಹಚ್ಚಿದೆ. ನಾನು ತುಂಬಾ ನೆಚ್ಚಿಕೊಂಡಿರುವ ಪರೀಕ್ಷೆ ಇದು. ಎರಡು ಬಣ್ಣ ಬೆರೆಸಿದ ಈ ದ್ರಾವಣ ಹಚ್ಚಿ ಬಾಯಿ ತೊಳೆದರೆ, ಹೊಸದಾಗಿ ಕೂತ ತೆಳು ಪದರ ಗುಲಾಬಿಯಾಗಿ ಕಾಣುತ್ತದೆ. ದಿನಗಟ್ಟಲೆ ಕದಲದೆ ಕೂತು ದಪ್ಪವಾದದ್ದು ನೀಲಿಯಾಗುತ್ತದೆ. ಅವರ ಕೈಗೆ ಕನ್ನಡಿ ಕೊಟ್ಟೆ. ಪ್ರತಿ ಸಂದಿನ ಬುಡದಲ್ಲೂ ನೀಲಿ ಗೆರೆ. "ಇಷ್ಟು ದಿನ ಮದ್ದು ಹಾಕಿದ್ದಲ್ವಾ? ಇದು ಸಾಯಲಿಲ್ವಾ?" ಎಂದರು. ಸರಿಯಾದ ಪ್ರಶ್ನೆ.

ಹಲ್ಲು ಎಷ್ಟೇ ಚೆನ್ನಾಗಿ ತೊಳೆದರೂ ಕೆಲವೇ ನಿಮಿಷಗಳಲ್ಲಿ ಎಂಜಲಿನಲ್ಲಿರುವ ಪ್ರೋಟೀನುಗಳು ಅದರ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆಯಾಗಿ ಅಂಟುತ್ತವೆ. ಆ ಪೊರೆಗೆ ಮೊದಲು ಹಿಡಿದುಕೊಳ್ಳುವುದು ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು. ಇವು ಹೆಚ್ಚಾಗಿ ನಿರುಪದ್ರವಿಗಳು. ಬಿಟ್ಟರೆ ಅವು ಅಲ್ಲೇ ಹೆಚ್ಚುತ್ತವೆ, ತಮ್ಮ ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ. ನಾವು ತಿನ್ನುವ ಸಕ್ಕರೆಯಿಂದಲೂ ಕೆಲವು ಜಾತಿಗಳು ಅಂಟು ತಯಾರಿಸುತ್ತವೆ. ಆಮೇಲೆ ಉದ್ದನೆಯ ಕಡ್ಡಿಯಂಥ ಫ್ಯುಸೊಬ್ಯಾಕ್ಟೀರಿಯಂ ಬಂದು ಸೇರುತ್ತದೆ. ಮೊದಲು ಬಂದವರನ್ನೂ ಕೊನೆಗೆ ಬರುವವರನ್ನೂ ಹಿಡಿದು ಜೋಡಿಸುವುದು ಅದೇ. ಕೊನೆಗೆ ಬರುವವು ಗಾಳಿ ಸೇರದ ಒಳಪದರದಲ್ಲಿ ಬದುಕುವ ಜಾತಿಗಳು. ವಸಡಿಗೆ ಹೆಚ್ಚು ಹಾನಿ ಮಾಡುವುದು ಇವೇ. ಹೀಗೆ ಲೋಳೆಯೊಳಗೆ ಒಟ್ಟಾಗಿ ನೆಲೆಸಿದ ಸಮುದಾಯಕ್ಕೆ ಬಯೋಫಿಲ್ಮ್ ಎನ್ನುತ್ತೇವೆ. ಹಲ್ಲಿನ ಮೇಲಿನ ಬಯೋಫಿಲ್ಮಿಗೆ ಪ್ಲಾಕ್ ಎಂದು ಹೆಸರು.

ಮನೆಯ ನೀರಿನ ಟ್ಯಾಂಕಿನ ಒಳಗೋಡೆ ಮುಟ್ಟಿ ನೋಡಿದರೆ ಜಾರುವ ಲೋಳೆ ಸಿಗುತ್ತದೆ ಅಲ್ವಾ, ಅದೂ ಬಯೋಫಿಲ್ಮೇ. ಬ್ಲೀಚಿಂಗ್ ಪೌಡರ್ ಹಾಕಿದರೆ ನೀರಿನಲ್ಲಿ ತೇಲುವ ಕ್ರಿಮಿ ಸಾಯುತ್ತದೆ, ಗೋಡೆಯ ಲೋಳೆ ಹೋಗುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆಯಾದರೂ ಟ್ಯಾಂಕ್ ಖಾಲಿ ಮಾಡಿ, ಒಳಗಿಳಿದು ಉಜ್ಜುವುದು.

ಬಾಯಲ್ಲೂ ಹಾಗೆಯೇ. ಮೌತ್‌ವಾಶ್ ಬಾಯಲ್ಲಿ ಇರುವುದು ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಅಷ್ಟರಲ್ಲಿ ಅದು ಲೋಳೆಯ ಮೇಲುಪದರ ತಲುಪುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೂ ಲೋಳೆಗೂ ಅಂಟಿಕೊಂಡು ಮದ್ದಿನ ಶಕ್ತಿ ಅಲ್ಲೇ ಮುಗಿಯುತ್ತದೆ. ಒಳಗಿರುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುತ್ತವೆ, ಕೆಲವು ಹೆಚ್ಚುಕಡಿಮೆ ನಿದ್ದೆಯಲ್ಲೇ ಇರುತ್ತವೆ. ಅಂಥವನ್ನು ಮದ್ದು ಸುಲಭಕ್ಕೆ ಕೊಲ್ಲಲಾರದು. ಪ್ರಯೋಗಶಾಲೆಯಲ್ಲಿ ನೀರಲ್ಲಿ ತೇಲುವ ಬ್ಯಾಕ್ಟೀರಿಯಾ ಸಾಯುವ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಮದ್ದು ಬಯೋಫಿಲ್ಮಿನೊಳಗಿನ ಅದೇ ಬ್ಯಾಕ್ಟೀರಿಯಾಕ್ಕೆ ಬೇಕಾಗುತ್ತದೆ. ಬಾಟಲಿಯ ಮೇಲಿನ ಮಾತು ಸುಳ್ಳೆಂದಲ್ಲ. ಅದು ತೇಲುವ ಕ್ರಿಮಿಗಳ ಮಟ್ಟಿಗೆ ನಿಜ.

ಇದನ್ನು ಮೊದಲು ಗಮನಿಸಿದವರು ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್. ಅವರು ಡಾಕ್ಟರಲ್ಲ, ಬಟ್ಟೆ ವ್ಯಾಪಾರಿ. ತಾವೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ತಮ್ಮ ಹಲ್ಲಿನ ನಡುವಿನ ಬಿಳಿ ಲೋಳೆಯನ್ನು ನೋಡಿ, ಅದರಲ್ಲಿ ಓಡಾಡುವ ಜೀವಿಗಳ ಬಗ್ಗೆ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದರು. ವಿನೆಗರ್‌ನಿಂದ ಬಾಯಿ ಮುಕ್ಕಳಿಸಿಯೂ ನೋಡಿದರು. ಹೊರಗಿನ ಜೀವಿಗಳಷ್ಟೇ ಸತ್ತವು, ವಿನೆಗರ್ ಲೋಳೆಯ ಒಳಕ್ಕೆ ಇಳಿಯಲಿಲ್ಲ ಎಂದು ಅವರು ತೀರ್ಮಾನಿಸಿದ್ದರು. ಬಯೋಫಿಲ್ಮ್ ಎಂಬ ಮಾತೇ ಇಲ್ಲದ ಕಾಲದಲ್ಲಿ ಇಷ್ಟು ಸರಿಯಾಗಿ ಕಂಡದ್ದು ನನಗೆ ಇಂದಿಗೂ ಬೆರಗು.

ಒಂದು ವೇಳೆ ಮದ್ದು ಇಡೀ ಪದರವನ್ನು ಕೊಂದಿತು ಅಂತಲೇ ಇಟ್ಟುಕೊಳ್ಳಿ. ಸತ್ತ ಪದರ ಹಲ್ಲಿನ ಮೇಲೇ ಉಳಿಯುತ್ತದಲ್ಲ. ಎಂಜಲಿನಲ್ಲಿರುವ ಹೊಸ ಬ್ಯಾಕ್ಟೀರಿಯಾಗಳಿಗೆ ಕೂರಲು ಅದೇ ಜಾಗ. ಎಂಜಲಿನ ಸುಣ್ಣದ ಅಂಶ ಅದರಲ್ಲೇ ಇಳಿದು ಕಿಟ್ಟವಾಗುತ್ತದೆ. ಎಂಜಲಿನ ಗ್ರಂಥಿ ತೆರೆದುಕೊಳ್ಳುವ ಕಡೆ, ಅಂದರೆ ಕೆಳಗಿನ ಮುಂದಿನ ಹಲ್ಲುಗಳ ಹಿಂದೆ, ಇದು ಬೇಗ ಆಗುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾ ಸತ್ತರೆ ಸಾಲದು, ಪದರವೇ ಹಲ್ಲನ್ನು ಬಿಟ್ಟು ಹೋಗಬೇಕು.

ಹಾಗಾದರೆ ಕ್ಲೋರ್‌ಹೆಕ್ಸಿಡಿನ್ ಬಗ್ಗೆ ವೈದ್ಯರಿಗೆ ಅಷ್ಟು ನಂಬಿಕೆ ಯಾಕೆ? ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿದ ಎರಡು ಕೆಲಸಗಳನ್ನು ಜೊತೆಗಿಟ್ಟು ನೋಡಬೇಕು. 1965ರಲ್ಲಿ ಅವರು ಆರೋಗ್ಯವಂತರಾದ 12 ಜನರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಬಂತು. ಮತ್ತೆ ಉಜ್ಜಲು ಶುರುಮಾಡಿದಾಗ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಇಲ್ಲಿ ಮದ್ದೇ ಇರಲಿಲ್ಲ, ಪದರ ತೆಗೆದದ್ದು ಬ್ರಷ್ ಮತ್ತು ಹಲ್ಲುಕಡ್ಡಿ. 1970ರ ಕೆಲಸದಲ್ಲಿ ಉಜ್ಜುವುದನ್ನು ಬಿಟ್ಟವರು ಶೇ. 0.2ರ ಕ್ಲೋರ್‌ಹೆಕ್ಸಿಡಿನ್‌ನಿಂದ ದಿನಕ್ಕೆರಡು ಸಲ ಮುಕ್ಕಳಿಸಿದರು. ಸುಮಾರು ಮೂರು ವಾರ ಪ್ಲಾಕ್ ಕಟ್ಟಲೇ ಇಲ್ಲ.

ಈ ಎರಡನೆಯದನ್ನು ಓದಿ ಮುಕ್ಕಳಿಸಿದರೆ ಸಾಕು ಎನ್ನಿಸಬಹುದು. ಆದರೆ ಆ ಪ್ರಯೋಗ ಶುರುವಾದದ್ದು ಪೂರ್ತಿ ಶುಚಿಯಾದ ಹಲ್ಲುಗಳಿಂದ. ಬರಿದಾದ ಹಲ್ಲಿಗೆ ಕ್ಲೋರ್‌ಹೆಕ್ಸಿಡಿನ್ ಅಂಟಿಕೊಂಡು ಗಂಟೆಗಟ್ಟಲೆ ಇರುತ್ತದೆ, ಹೊಸಬರನ್ನು ಕೂರಲು ಬಿಡುವುದಿಲ್ಲ. ಪೆರ್ಲದ ಆ ಅಕ್ಕನ ಬಾಯಲ್ಲಿ ಪದರ ಮೊದಲೇ ಇತ್ತು. ಮದ್ದು ಅದರ ಬೆನ್ನ ಮೇಲೆ ಹರಿದು ಹೋಯಿತು ಅಷ್ಟೇ. ಮುಕ್ಕಳಿಸಿದ ನೀರು ವಸಡಿನ ಕೆಳಗೆ ಇಳಿಯುವುದೂ ತೀರಾ ಕಡಿಮೆ. ತೆಂಗಿನೆಣ್ಣೆ, ಉಪ್ಪುನೀರು ಮುಕ್ಕಳಿಸುವವರಿಗೂ ನಾನು ಹೇಳುವುದು ಇದನ್ನೇ.

ಆ ಅಕ್ಕನಿಗೆ ಮೌತ್‌ವಾಶ್ ನಿಲ್ಲಿಸಲು ಹೇಳಿದೆ. ಮೊದಲು ಸ್ಕೇಲಿಂಗ್ ಮಾಡಿ ಕಿಟ್ಟ ತೆಗೆದದ್ದಾಯಿತು, ಕಿಟ್ಟವನ್ನು ಯಾವ ಬ್ರಷ್ಷೂ ತೆಗೆಯಲಾರದು. ಸ್ಕೇಲಿಂಗ್ ಮಾಡಿದರೆ ಹಲ್ಲು ಅಲುಗಾಡುತ್ತದೆ ಎಂಬ ಹೆದರಿಕೆ ಅವರಿಗೂ ಇತ್ತು. ಹಲ್ಲನ್ನು ಸಡಿಲ ಮಾಡುವುದು ಎಲುಬನ್ನು ಕರಗಿಸುವ ರೋಗ. ಕಿಟ್ಟ ತೆಗೆದಾಗ ಅದುವರೆಗೆ ಮುಚ್ಚಿದ್ದ ಸಡಿಲ ಗೊತ್ತಾಗುತ್ತದೆ, ಅಷ್ಟೇ.

ಬ್ರಷ್ ಹಿಡಿಯುವ ರೀತಿ ಬದಲಿಸಿದೆವು. ಮೆದು ಬ್ರಷ್ಷಿನ ಎಳೆಗಳನ್ನು ವಸಡು ಮತ್ತು ಹಲ್ಲು ಸೇರುವ ಗೆರೆಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಇಟ್ಟು, ಇದ್ದಲ್ಲೇ ಸಣ್ಣಗೆ ಅಲುಗಾಡಿಸಬೇಕು. ಎರಡು ನಿಮಿಷ, ಫ್ಲೋರೈಡ್ ಇರುವ ಪೇಸ್ಟಿನಲ್ಲಿ, ರಾತ್ರಿಯೂ. ಜೋರು ಬೇಡ. ಕಿಟ್ಟವಾಗುವ ಮೊದಲು ಪ್ಲಾಕ್ ಮೆತ್ತಗೇ ಇರುತ್ತದೆ, ಎಳೆ ತಾಗಿದರೆ ಸಾಕು. ಉಮಿಕರಿಯಲ್ಲಿ ತಿಕ್ಕಿ ತಿಕ್ಕಿ ಹಲ್ಲಿನ ಬುಡ ಸವೆದ ಹಿರಿಯರನ್ನು ಈಗಲೂ ನೋಡುತ್ತೇನೆ. ಅವರಲ್ಲೂ ಸಂದುಗಳಲ್ಲಿ ಲೋಳೆ ಹಾಗೇ ಇರುತ್ತದೆ.

ಸಂದಿಗೆ ಮಾಮೂಲಿ ಬ್ರಷ್ ತಲುಪುವುದಿಲ್ಲ. ಪೆರ್ಲದ ಅಕ್ಕನ ಕಾಯಿಲೆ ಇದ್ದದ್ದೇ ಅಲ್ಲಿ. ಅದಕ್ಕೆ ಇಂಟರ್‌ಡೆಂಟಲ್ ಬ್ರಷ್ ಕೊಟ್ಟೆ. ತಂತಿಯ ಸುತ್ತ ಎಳೆಗಳಿರುವ ಪುಟ್ಟ ಬ್ರಷ್ ಅದು. ದವಡೆ ಹಲ್ಲುಗಳ ನಡುವೆ ಒಂದು ಅಳತೆ, ಮುಂದಿನವಕ್ಕೆ ಅದಕ್ಕಿಂತ ಸಪುರ. ಎಳೆಗಳು ಎರಡೂ ಬದಿಯ ಹಲ್ಲಿಗೆ ತಾಗುತ್ತಾ ಹೋಗಬೇಕು, ತಂತಿ ಹಲ್ಲಿಗೆ ಉಜ್ಜಬಾರದು. ಸಲೀಸಾಗಿ ಆಚೀಚೆ ಹೋದರೆ ಅಳತೆ ಸಣ್ಣದಾಯಿತು ಎಂದರ್ಥ. ತುರುಕಬೇಕಾಗಿ ಬಂದರೆ ದೊಡ್ಡದಾಯಿತು. ಅದೂ ಹೋಗದಷ್ಟು ಬಿಗಿಯಾದ ಸಂದಿಗೆ ಫ್ಲಾಸ್ ದಾರ. ದಿನಕ್ಕೊಮ್ಮೆ ಮಾಡಿದರೆ ಸಾಕು, ಯಾಕೆಂದರೆ ಒಂದು ದಿನದೊಳಗೆ ಕದಡಿದ ಪದರಕ್ಕೆ ಹಾನಿ ಮಾಡುವಷ್ಟು ಬಲಿಯಲು ಸಮಯ ಸಿಗುವುದಿಲ್ಲ.

ಮೊದಲ ಕೆಲವು ದಿನ ರಕ್ತ ಜಾಸ್ತಿಯೇ ಕಾಣಬಹುದು ಎಂದು ಮೊದಲೇ ಹೇಳಿದ್ದೆ. ಇಲ್ಲೇ ಹೆಚ್ಚಿನವರು ಕೈಬಿಡುತ್ತಾರೆ. ಬ್ರಷ್ ತಾಗಿ ಗಾಯ ಆಯಿತು ಎಂದುಕೊಂಡು ಆ ಜಾಗವನ್ನೇ ಬಿಟ್ಟು ಉಜ್ಜುತ್ತಾರೆ, ಪದರ ಮತ್ತೆ ಬಲಿಯುತ್ತದೆ. ಈ ಅಕ್ಕ ಬಿಡಲಿಲ್ಲ. ಎರಡು ವಾರದ ನಂತರ ಬಂದಾಗ ಬಣ್ಣ ಹಚ್ಚಿದರೆ ಅಲ್ಲಲ್ಲಿ ಗುಲಾಬಿ, ನೀಲಿ ಉಳಿದದ್ದು ಕೊನೆಯ ದವಡೆ ಹಲ್ಲಿನ ಹಿಂದೆ ಮಾತ್ರ. ಮೂರು ತಿಂಗಳಾದ ಮೇಲೆ 4 ಮಿಲಿಮೀಟರ್ ಇದ್ದ ಜಾಗಗಳು 3ಕ್ಕೆ ಬಂದಿದ್ದವು.

ಮೌತ್‌ವಾಶ್ ಬೇಡವೇ ಬೇಡ ಎನ್ನುವುದಿಲ್ಲ. ವಸಡಿನ ಆಪರೇಷನ್ ಆಗಿ ಹೊಲಿಗೆ ಇರುವಾಗ, ದವಡೆ ಮುರಿದು ತಂತಿ ಕಟ್ಟಿದಾಗ, ಕೈಗೆ ಬ್ರಷ್ ಹಿಡಿಯಲಾಗದ ಹಾಸಿಗೆ ಹಿಡಿದವರಿಗೆ ನಾನೇ ಬರೆದುಕೊಡುತ್ತೇನೆ. 10 ಮಿಲಿಲೀಟರ್, ಒಂದು ನಿಮಿಷ, ದಿನಕ್ಕೆರಡು ಸಲ, ಸಾಮಾನ್ಯವಾಗಿ ಎರಡು ವಾರದ ಮಟ್ಟಿಗೆ. ಪೇಸ್ಟ್ ಹಚ್ಚಿ ಉಜ್ಜಿದ ಕೂಡಲೇ ಹಾಕಿದರೆ ಪೇಸ್ಟಿನ ನೊರೆ ಬರಿಸುವ ಅಂಶ ಕ್ಲೋರ್‌ಹೆಕ್ಸಿಡಿನ್‌ನ ಬಲ ಕುಗ್ಗಿಸುತ್ತದೆ, ಅರ್ಧ ಗಂಟೆ ಬಿಟ್ಟು ಹಾಕಬೇಕು.

ಬ್ರಷ್ಷಿಗೂ ಮಿತಿ ಇದೆ. ವಸಡಿನ ಕೆಳಗೆ 5 ಮಿಲಿಮೀಟರ್, ಅದಕ್ಕಿಂತ ಆಳವಾದ ಸಂದಿನ ತಳಕ್ಕೆ ಮನೆಯ ಯಾವ ಸಾಧನವೂ ಮುಟ್ಟುವುದಿಲ್ಲ. ಎರಡು ಮೂರು ವಾರ ಸರಿಯಾಗಿ ಸಂದು ತೊಳೆದ ಮೇಲೂ ಅದೇ ಒಂದು ಜಾಗದಲ್ಲಿ ರಕ್ತ ಬರುತ್ತಲೇ ಇದ್ದರೆ, ಅಲ್ಲಿ ಕೆಳಗೆ ಕಿಟ್ಟ ಕೂತಿದೆ ಎಂದು ನಾವು ಮೊದಲು ಸಂಶಯಪಡುತ್ತೇವೆ. ಆಗ ಮದ್ದು ಬದಲಿಸುವುದಲ್ಲ, ಎಕ್ಸ್‌ರೇ ತೆಗೆದು, ಮರಗಟ್ಟಿಸಿ, ಬೇರಿನ ಮೇಲಿನಿಂದ ಅದನ್ನು ಕೆರೆದು ತೆಗೆಯಬೇಕು.