ಸತ್ತ ಬಂಗುಡೆ ಸೆಟೆದು ನಿಲ್ಲುವುದು ಯಾವ ಬಲದಿಂದ?

ಪ್ರಶ್ನೆ: ಬಂಗುಡೆಯ ತಲೆ ಹಿಡಿದು ಅಡ್ಡಕ್ಕೆ ಎತ್ತಿದಾಗ ಬಾಲ ಜೋತು ಬೀಳದೆ ನೆಟ್ಟಗೆ ನಿಂತರೆ ಮೀನು ತಾಜಾ ಎಂದು ನಮ್ಮ ಕಡೆ ಹೇಳುತ್ತಾರೆ. ಸ್ನಾಯು ಬಿಗಿಯಾಗಲು ಎಟಿಪಿ ಎಂಬ ಶಕ್ತಿಯ ಅಣು ಬೇಕು ಎಂದು ಪಿಯುಸಿಯಲ್ಲಿ ಓದಿದ್ದೇನೆ. ಹಾಗಿದ್ದರೆ ಸತ್ತ ಮೀನಿಗೆ ಆ ಶಕ್ತಿ ಎಲ್ಲಿಂದ ಬಂತು?

ಉತ್ತರ: ಎಲ್ಲಿಂದಲೂ ಬರಲಿಲ್ಲ. ಶಕ್ತಿ ಮುಗಿದುಹೋದದ್ದಕ್ಕೇ ಮೀನು ಸೆಟೆದು ನಿಂತಿದೆ. ಸ್ನಾಯುವಿಗೆ ಎಟಿಪಿ ಬೇಕಾಗುವುದು ಎಳೆಯಲಿಕ್ಕೆ ಮಾತ್ರವಲ್ಲ, ಹಿಡಿದದ್ದನ್ನು ಬಿಡಲಿಕ್ಕೂ ಬೇಕು. ಪಠ್ಯಪುಸ್ತಕದಲ್ಲಿ ಈ ಎರಡನೆಯ ಮಾತು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ಕೈರಂಪಣಿ ಬಲೆ ಎಳೆಯುವುದನ್ನು ನೀವು ನೋಡಿರಬಹುದು. ದಡದಲ್ಲಿ ಸಾಲಾಗಿ ನಿಂತವರು ಹಗ್ಗ ಹಿಡಿದು ಜಗ್ಗುತ್ತಾರೆ, ಕೈ ಬಿಟ್ಟು ಮುಂದಕ್ಕೆ ಚಾಚಿ ಮತ್ತೆ ಹಿಡಿಯುತ್ತಾರೆ, ಮತ್ತೆ ಜಗ್ಗುತ್ತಾರೆ. ಹಗ್ಗ ಒಂದಿಂಚೂ ಗಿಡ್ಡವಾಗುವುದಿಲ್ಲ, ಆದರೂ ಬಲೆ ದಡಕ್ಕೆ ಬರುತ್ತದೆ. ಸ್ನಾಯುವಿನ ಜೀವಕೋಶದೊಳಗೆ ನಡೆಯುವುದೂ ಇದೇ. ಅಲ್ಲಿ ಹಗ್ಗದ ಜಾಗದಲ್ಲಿ ಆ್ಯಕ್ಟಿನ್ ಎಂಬ ತೆಳು ಎಳೆಗಳಿವೆ. ಅವುಗಳ ನಡುವೆ ಮಯೋಸಿನ್ ಎಂಬ ದಪ್ಪ ಎಳೆಗಳಿದ್ದು, ಅವುಗಳಿಂದ ಹೊರಚಾಚಿದ ಪುಟ್ಟ ತಲೆಗಳೇ ಕೈಗಳ ಕೆಲಸ ಮಾಡುತ್ತವೆ. ಒಂದು ದಪ್ಪ ಎಳೆಯಲ್ಲಿ ಸುಮಾರು 300 ಮಯೋಸಿನ್ ಅಣುಗಳು, ಪ್ರತಿಯೊಂದಕ್ಕೂ ಎರಡು ತಲೆ.

ಎಳೆಗಳು ಗಿಡ್ಡವಾಗದೆ ಒಂದರ ಪಕ್ಕ ಒಂದು ಜಾರುತ್ತವೆ ಎಂಬುದು ಗೊತ್ತಾದದ್ದು 1954ರಲ್ಲಿ. ಆ್ಯಂಡ್ರೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್ಗೆರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಇದನ್ನೇ ಕಂಡುಕೊಂಡು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದರು. ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ. ಸೂಕ್ಷ್ಮದರ್ಶಕದಲ್ಲಿ ಸ್ನಾಯು ಕಪ್ಪು ಬಿಳಿ ಪಟ್ಟೆಗಳಾಗಿ ಕಾಣುತ್ತದೆ. ಸ್ನಾಯು ಕುಗ್ಗಿದಾಗ ಬಿಳಿ ಪಟ್ಟೆ ಕಿರಿದಾಯಿತು, ದಪ್ಪ ಎಳೆಗಳಿರುವ ಕಪ್ಪು ಪಟ್ಟೆಯ ಅಗಲ ಮಾತ್ರ ಹಾಗೇ ಉಳಿಯಿತು. ದಪ್ಪ ಎಳೆಯೇ ಮುದುಡುವುದಾಗಿದ್ದರೆ ಕಪ್ಪು ಪಟ್ಟೆಯೂ ಕಿರಿದಾಗಬೇಕಿತ್ತಲ್ಲ!

ಅಳತೆಯ ಅಂದಾಜಿಗೆ ನಿಮ್ಮ ತೋಳನ್ನೇ ನೋಡೋಣ. ಪಟ್ಟೆಗಳ ಒಂದು ಪೂರ್ಣ ಮನೆಗೆ ಸಾರ್ಕೊಮಿಯರ್ ಎನ್ನುತ್ತಾರೆ. ಅದರ ಉದ್ದ ಸುಮಾರು 2.4 ಮೈಕ್ರೋಮೀಟರ್ ಎಂದಿಟ್ಟುಕೊಂಡರೆ, 10 ಸೆಂಟಿಮೀಟರ್ ಉದ್ದದ ಒಂದು ಸ್ನಾಯುತಂತುವಿನಲ್ಲಿ ಇಂಥ ಸುಮಾರು 40,000 ಮನೆಗಳು ಸಾಲಾಗಿರುತ್ತವೆ. ಪ್ರತಿ ಮನೆ ಬರೀ 0.4 ಮೈಕ್ರೋಮೀಟರ್ ಕುಗ್ಗಿದರೆ ತಂತು ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಕುಗ್ಗುತ್ತದೆ. ಆದರೆ ಮಯೋಸಿನ್ ತಲೆಯೊಂದು ಒಂದು ಸಲಕ್ಕೆ ಎಳೆಯುವುದು 10 ನ್ಯಾನೊಮೀಟರ್ ಆಸುಪಾಸು ಅಷ್ಟೇ. ಮನೆಯ ಎರಡೂ ತುದಿಗಳಿಂದ ಎಳೆತ ನಡೆಯುವುದರಿಂದ ಒಂದೊಂದು ಬದಿಗೆ 200 ನ್ಯಾನೊಮೀಟರ್ ಜಾರಬೇಕು. ಒಂದೇ ಹಿಡಿತದಲ್ಲಿ ಇದು ಆಗುವ ಕೆಲಸವಲ್ಲ. ಹಿಡಿದು, ಜಗ್ಗಿ, ಬಿಟ್ಟು, ಮತ್ತೆ ಹಿಡಿಯಲೇಬೇಕು.

ಈ ಸುತ್ತಿನಲ್ಲಿ ಎಟಿಪಿಯ ಪಾತ್ರ ಎಲ್ಲಿ ಎಂದು ನಿಧಾನವಾಗಿ ನೋಡಿ. ಜಗ್ಗಿ ಮುಗಿಸಿದ ತಲೆ ಆ್ಯಕ್ಟಿನ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೊಸ ಎಟಿಪಿ ಅಣುವೊಂದು ಬಂದು ಆ ತಲೆಯಲ್ಲಿ ಕೂತರೆ ಮಾತ್ರ ಹಿಡಿತ ಸಡಿಲುತ್ತದೆ. ಬಿಟ್ಟ ಮೇಲೆ ತಲೆ ಆ ಎಟಿಪಿಯನ್ನು ಎಡಿಪಿ ಮತ್ತು ಫಾಸ್ಫೇಟ್ ಆಗಿ ಒಡೆದು, ಬಂದ ಶಕ್ತಿಯಿಂದ ಹೊಡೆತಕ್ಕೆ ಸಜ್ಜಾಗಿ ಬಾಗುತ್ತದೆ. ಇಲಿಬೋನಿನ ಸ್ಪ್ರಿಂಗನ್ನು ಎಳೆದು ಕೊಂಡಿ ಹಾಕಿಟ್ಟ ಹಾಗೆ. ಒಡೆದ ಚೂರುಗಳು ತಲೆಯಲ್ಲೇ ಇರುತ್ತವೆ. ತಲೆ ಆ್ಯಕ್ಟಿನ್ನನ್ನು ಹಿಡಿದಾಗ ಫಾಸ್ಫೇಟ್ ಜಾರಿಹೋಗುತ್ತದೆ, ಸ್ಪ್ರಿಂಗ್ ಬಿಟ್ಟುಕೊಳ್ಳುತ್ತದೆ, ಎಳೆ ಜಾರುತ್ತದೆ. ಅಂದರೆ ಎಳೆಯುವ ಕ್ಷಣದಲ್ಲಿ ಶಕ್ತಿಯ ಖರ್ಚಿಲ್ಲ, ಖರ್ಚು ಮೊದಲೇ ಆಗಿಹೋಗಿದೆ.

ಸಜ್ಜಾದ ತಲೆಗಳು ಸುಮ್ಮನಿರುವ ಸ್ನಾಯುವಿನಲ್ಲಿ ಯಾಕೆ ಹಿಡಿದುಕೊಳ್ಳುವುದಿಲ್ಲ? ಆ್ಯಕ್ಟಿನ್ ಮೇಲೆ ಹಿಡಿಯುವ ಜಾಗಗಳನ್ನು ಟ್ರೊಪೋಮಯೋಸಿನ್ ಎಂಬ ಸಣ್ಣ ದಾರ ಮುಚ್ಚಿಕೊಂಡಿರುತ್ತದೆ. ನರದಿಂದ ಸಂದೇಶ ಬಂದಾಗ ಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಗೆ ಚೆಲ್ಲುತ್ತದೆ. ಅದು ಟ್ರೊಪೋನಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ, ದಾರ ಪಕ್ಕಕ್ಕೆ ಸರಿಯುತ್ತದೆ, ತಲೆಗಳಿಗೆ ಜಾಗ ಸಿಗುತ್ತದೆ. ಕೆಲಸ ಮುಗಿದ ಮೇಲೆ ಕ್ಯಾಲ್ಸಿಯಂ ತಾನಾಗಿ ವಾಪಸು ಹೋಗುವುದಿಲ್ಲ. ಚೀಲದ ಗೋಡೆಯ ಪಂಪುಗಳು ಅದನ್ನು ಒಳಗೆ ಎಳೆದುಕೊಳ್ಳಬೇಕು, ಪ್ರತಿ ಎರಡು ಕ್ಯಾಲ್ಸಿಯಂ ಅಯಾನಿಗೆ ಒಂದು ಎಟಿಪಿ ತೆರಬೇಕು.

ಈಗ ಬಂಗುಡೆಗೆ ಬರೋಣ. ಸತ್ತ ಕೂಡಲೇ ಅದು ಸೆಟೆಯುವುದಿಲ್ಲ, ಮೊದಲು ಮೆತ್ತಗೇ ಇರುತ್ತದೆ. ರಕ್ತ ನಿಂತರೂ ಸ್ನಾಯುವಿನ ಕೋಶಗಳು ಕ್ರಿಯಾಟಿನ್ ಫಾಸ್ಫೇಟ್, ಗ್ಲೈಕೋಜನ್ ಇತ್ಯಾದಿ ದಾಸ್ತಾನಿನಿಂದ ಒಂದಷ್ಟು ಹೊತ್ತು ಎಟಿಪಿ ತಯಾರಿಸಿಕೊಳ್ಳುತ್ತವೆ. ಅದು ಬರಿದಾಗುತ್ತಿದ್ದಂತೆ ಪಂಪುಗಳು ಸೋಲುತ್ತವೆ, ಕ್ಯಾಲ್ಸಿಯಂ ಸೋರುತ್ತದೆ, ಮುಚ್ಚಿದ್ದ ಜಾಗಗಳು ತೆರೆದುಕೊಳ್ಳುತ್ತವೆ. ಮೊದಲೇ ಸಜ್ಜಾಗಿದ್ದ ತಲೆಗಳು ಹಿಡಿದು ಒಂದು ಸಲ ಜಗ್ಗುತ್ತವೆ. ಬಿಡಿಸಲು ಹೊಸ ಎಟಿಪಿ ಬರುವುದಿಲ್ಲ. ಹೀಗೆ ಒಂದೊಂದೇ ತಲೆ ಸಿಕ್ಕಿಬಿದ್ದು, ಕೋಟಿಗಟ್ಟಲೆ ಎಳೆಗಳು ಪರಸ್ಪರ ಕೀಲಿ ಬಿದ್ದ ಹಾಗಾಗಿ, ಮೀನು ಕಡ್ಡಿಯಂತಾಗುತ್ತದೆ.

ಆದ್ದರಿಂದ ಬಲೆಯಲ್ಲಿ ಬಹಳ ಹೊತ್ತು ಒದ್ದಾಡಿ ಸತ್ತ ಮೀನು ಬೇಗ ಸೆಟೆಯುತ್ತದೆ, ದಾಸ್ತಾನು ಒದ್ದಾಟದಲ್ಲೇ ಕರಗಿರುತ್ತದೆ. ಸೆಟೆಯುವ ಮೊದಲೇ ಮುಳ್ಳಿನಿಂದ ಬಿಡಿಸಿದ ಮಾಂಸದ ತುಂಡು, ಆಮೇಲೆ ಸೆಟೆಯುವಾಗ, ತಡೆಯುವ ಮೂಳೆಯಿಲ್ಲದೆ ಮುದುಡಿ ಗಿಡ್ಡವಾಗುತ್ತದೆ.

ಸೆಟೆತ ಮತ್ತೆ ಇಳಿಯುವುದು ತಲೆಗಳು ಹಿಡಿತ ಬಿಟ್ಟವು ಅಂತಲ್ಲ. ಅವು ಬಿಡುವುದೇ ಇಲ್ಲ. ಕೋಶದೊಳಗಿನ ಕಿಣ್ವಗಳು ಎಳೆಗಳನ್ನು ಮನೆಯ ಗೋಡೆಗೆ ಕಟ್ಟಿಹಾಕಿದ ಪ್ರೋಟೀನುಗಳನ್ನೇ ಕತ್ತರಿಸುತ್ತವೆ, ಅದಕ್ಕೇ ಮಾಂಸ ಮೆತ್ತಗಾಗುತ್ತದೆ. ಹಾಗಾಗಿ ನಿಮ್ಮ ಕಡೆಯ ಪರೀಕ್ಷೆ ಒಂದು ದಿಕ್ಕಿನಲ್ಲಿ ಮಾತ್ರ ನಂಬಿಕಸ್ತ. ಸೆಟೆದು ನಿಂತಿದ್ದರೆ, ಅದೂ ಮಂಜುಗಡ್ಡೆಯಿಂದ ಹೆಪ್ಪುಗಟ್ಟಿ ಗಟ್ಟಿಯಾದದ್ದಲ್ಲದಿದ್ದರೆ, ಮೀನು ಸತ್ತು ಬಹಳ ಹೊತ್ತಾಗಿಲ್ಲ. ಜೋತು ಬಿದ್ದರೆ ಎರಡು ಅರ್ಥವಿದೆ: ಈಗತಾನೇ ದೋಣಿಯಿಂದ ಇಳಿದು ಇನ್ನೂ ಸೆಟೆದಿಲ್ಲ, ಇಲ್ಲವೇ ಸೆಟೆದು ಇಳಿದೂ ಆಯಿತು. ಆಗ ಬೆನ್ನನ್ನು ಬೆರಳಿನಿಂದ ಒತ್ತಿ ನೋಡಬೇಕು. ಗುಳಿ ತಕ್ಷಣ ತುಂಬಿಕೊಂಡು, ಕಿವಿರು ಕೆಂಪಗಿದ್ದು, ಕಣ್ಣು ಉಬ್ಬಿ ಹೊಳೆಯುತ್ತಿದ್ದರೆ ಮೊದಲನೆಯದು. ಬೆರಳಿನ ಗುರುತು ಉಳಿದುಕೊಂಡು ಕಿವಿರು ಕಂದಿದ್ದರೆ ಎರಡನೆಯದು.

ಖರ್ಚಾದ ಎಟಿಪಿ ಏನಾಯಿತು ಎಂದರೆ, ಅದು ನಿಮ್ಮ ಸಾರಿಗೇ ಬರುತ್ತದೆ. ಎಟಿಪಿ ಹಂತ ಹಂತವಾಗಿ ಒಡೆದು ಇನೋಸಿನಿಕ್ ಆಮ್ಲವಾಗುತ್ತದೆ, ತಾಜಾ ಬಂಗುಡೆಯ ನಾಲಿಗೆ ಹಿಡಿಯುವ ರುಚಿಯಲ್ಲಿ ಅದರ ದೊಡ್ಡ ಪಾಲಿದೆ. ಇನ್ನಷ್ಟು ಹೊತ್ತು ಇಟ್ಟರೆ ಅದೂ ಒಡೆದು ಹೈಪೋಕ್ಸಾಂಥಿನ್ ಆಗುತ್ತದೆ, ಅದು ಕಹಿ.